ಆಲೆಮನೆಯ ಗದ್ದಲದಲ್ಲಿ ಅನುವಾದದ ಇಯರ್‌ಬಡ್: ಯಾವುದನ್ನು ಆರಿಸಬೇಕು?

ಮಂಡ್ಯ, ಮದ್ದೂರು, ಪಾಂಡವಪುರದ ಸುತ್ತಮುತ್ತಲಿನ ಆಲೆಮನೆಗಳಲ್ಲಿ ಪಾಕದ ಹದ ನೋಡುವುದಕ್ಕೂ ಒಲೆಗೆ ಉರಿ ಹಾಕುವುದಕ್ಕೂ ಉತ್ತರ ಪ್ರದೇಶ, ಬಿಹಾರದ ಕಡೆಯಿಂದ ಬಂದ ಕೆಲಸಗಾರರು ಈಗ ಸಾಕಷ್ಟು ಮಂದಿ ಇದ್ದಾರೆ. ಅವರಿಗೆ ಕನ್ನಡ ಬಾರದು, ಆಲೆಮನೆ ನಡೆಸುವವರಲ್ಲಿ ಅನೇಕರಿಗೆ ಹಿಂದಿ ಬಾರದು. ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯಲು ಬಂದ ವಿದೇಶಿಯರಿಗೆ ಮನೆ ಬಾಡಿಗೆಗೆ ಕೊಟ್ಟವರದ್ದೂ, ದೇವರಾಜ ಮಾರುಕಟ್ಟೆಯಲ್ಲಿ ಪ್ರವಾಸಿಗರೊಡನೆ ವ್ಯಾಪಾರ ಮಾಡುವವರದ್ದೂ ಬೇರೆ ಬೇರೆ ಪ್ರಮಾಣದಲ್ಲಿ ಇದೇ ತೊಡಕು. ಕಿವಿಗೆ ಹಾಕಿಕೊಂಡರೆ ಎದುರಿನವರ ಮಾತು ನಮ್ಮ ಭಾಷೆಯಲ್ಲೇ ಕೇಳಿಸುತ್ತದೆ ಎಂಬ ಜಾಹೀರಾತನ್ನು ನೋಡಿ, ಇಂಥ ಇಯರ್‌ಬಡ್ ಕೊಳ್ಳಬಹುದೇ, ಕೊಂಡರೆ ಯಾವುದನ್ನು ಕೊಳ್ಳಬೇಕು ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ಆ ಪ್ರಶ್ನೆಗೆ ಶಾಂತವಾದ ಕೋಣೆಯಲ್ಲಿ ಒಂದು ಉತ್ತರವಿದೆ, ಗಾಣ ತಿರುಗುತ್ತಿರುವ ಕಡೆ ಇನ್ನೊಂದು ಉತ್ತರವಿದೆ. ಈ ಎರಡನೆಯದೇ ಹೆಚ್ಚು ಕಷ್ಟದ್ದಾದ್ದರಿಂದ ಇಲ್ಲಿ ಅದನ್ನೇ ಮುಂದಿಟ್ಟುಕೊಂಡು ಹೋಲಿಸಿದ್ದೇನೆ.

ಅನುವಾದ ನಡೆಯುವುದು ಎಲ್ಲಿ

ಅನುವಾದದ ಕೆಲಸವನ್ನು ಬಹುಪಾಲು ಇಯರ್‌ಬಡ್‌ಗಳು ತಾವೇ ಮಾಡುವುದಿಲ್ಲ. ಅವು ಧ್ವನಿಯನ್ನು ಬ್ಲೂಟೂತ್ ಮೂಲಕ ಫೋನಿಗೆ ಒಯ್ಯುತ್ತವೆ, ಫೋನ್ ಕೊಟ್ಟದ್ದನ್ನು ಕಿವಿಗೆ ತಲುಪಿಸುತ್ತವೆ. ನಡುವಿನ ಕೆಲಸವೆಲ್ಲ ಫೋನಿನ ಆ್ಯಪ್‌ನದು, ಇಲ್ಲವೇ ಆ ಆ್ಯಪ್ ಇಂಟರ್ನೆಟ್ ಮೂಲಕ ಸಂಪರ್ಕಿಸುವ ಸರ್ವರಿನದು. ಸಾಮಾನ್ಯವಾಗಿ ಈ ಕೆಲಸ ಮೂರು ಹಂತಗಳಲ್ಲಿ ಸಾಗುತ್ತದೆ. ಮೊದಲು ಕೇಳಿದ ಮಾತನ್ನು ಅದೇ ಭಾಷೆಯ ಬರಹವಾಗಿ ಮಾಡಲಾಗುತ್ತದೆ; ನಂತರ ಆ ಬರಹವನ್ನು ಇನ್ನೊಂದು ಭಾಷೆಗೆ ಅನುವಾದಿಸಲಾಗುತ್ತದೆ; ಕೊನೆಗೆ ಅನುವಾದವನ್ನು ಯಂತ್ರದ ದನಿಯಲ್ಲಿ ಓದಲಾಗುತ್ತದೆ. ಇತ್ತೀಚಿನ ಕೆಲವು ವ್ಯವಸ್ಥೆಗಳು ಈ ಹಂತಗಳನ್ನು ಒಂದರೊಳಗೊಂದು ಬೆಸೆದಿದ್ದರೂ, ಬಳಸುವವರು ಮೂರನ್ನೂ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ತಪ್ಪು ಎಲ್ಲಿ ಆಯಿತು ಎಂಬುದನ್ನು ಹಾಗೆ ಮಾತ್ರ ಗುರುತಿಸಲು ಸಾಧ್ಯ.

ಗದ್ದಲ ಕೆಡಿಸುವುದು ಬಹುತೇಕ ಮೊದಲ ಹಂತವನ್ನು. ಮಾತು ಬರಹವಾಗುವಾಗಲೇ ತಪ್ಪಾದರೆ, ಮುಂದಿನ ಎರಡು ಹಂತಗಳು ಆ ತಪ್ಪನ್ನು ಅಚ್ಚುಕಟ್ಟಾಗಿ ಅನುವಾದಿಸಿ, ಸ್ಪಷ್ಟವಾದ ದನಿಯಲ್ಲಿ, ಸ್ವಲ್ಪವೂ ಅಳುಕಿಲ್ಲದೆ ಓದಿ ಹೇಳುತ್ತವೆ. ಕೇಳುವವನಿಗೆ ಅದು ತಪ್ಪೆಂದು ತಿಳಿಯುವ ಸುಳಿವೇ ಇರುವುದಿಲ್ಲ. ಮಾತು ಸರಿಯಾಗಿ ಕೇಳಿಸದ ಮನುಷ್ಯನಾದರೆ ಇನ್ನೊಮ್ಮೆ ಹೇಳಿ ಎನ್ನುತ್ತಾನೆ. ಈ ವ್ಯವಸ್ಥೆಗಳು ಹಾಗೆ ಕೇಳುವುದು ಅಪರೂಪ. ಇಡೀ ಹೋಲಿಕೆಯಲ್ಲಿ ನಾನು ಅತಿ ಗಂಭೀರವಾಗಿ ತೆಗೆದುಕೊಳ್ಳುವ ಅಂಶ ಇದು.

ಯಾರ ಮಾತನ್ನು ಯಾವ ಮೈಕ್ ಕೇಳುತ್ತಿದೆ

ಕೊಳ್ಳುವವರು ನೋಡುವುದು ಇಯರ್‌ಬಡ್‌ನ ಶಬ್ದದ ಗುಣಮಟ್ಟ, ಬ್ಯಾಟರಿ, ಬೆಲೆ. ಗದ್ದಲದಲ್ಲಿ ಅನುವಾದದ ಹಣೆಬರಹವನ್ನು ನಿರ್ಧರಿಸುವುದು ಮಾತ್ರ ಮೈಕ್ ಇರುವ ಜಾಗ. ಇಯರ್‌ಬಡ್‌ನ ಮೈಕ್‌ಗಳನ್ನು ಮುಖ್ಯವಾಗಿ ಫೋನ್ ಕರೆಗಾಗಿ ರೂಪಿಸಿರುತ್ತಾರೆ. ಅವು ಧರಿಸಿದವರ ಬಾಯಿಯ ದಿಕ್ಕಿನಿಂದ ಬರುವ ಮಾತನ್ನು ಹಿಡಿದು, ಉಳಿದ ದಿಕ್ಕಿನಿಂದ ಬಂದದ್ದನ್ನೆಲ್ಲ ಗದ್ದಲವೆಂದು ತಗ್ಗಿಸುತ್ತವೆ. ಎದುರು ನಿಂತು ಮಾತನಾಡುವವರ ಧ್ವನಿಯೂ ಆ ಲೆಕ್ಕದಲ್ಲಿ ಗದ್ದಲವೇ. ನಿಮ್ಮ ಕಿವಿಯ ಇಯರ್‌ಬಡ್ ನಿಮ್ಮ ಮಾತಿಗೆ ಒಳ್ಳೆಯ ಮೈಕ್ ಆಗಿದ್ದಷ್ಟೂ ಎದುರಿನವರ ಮಾತಿಗೆ ಕೆಟ್ಟ ಮೈಕ್ ಆಗಿರುವ ಸಾಧ್ಯತೆ ಹೆಚ್ಚು.

ಈ ಕಾರಣದಿಂದಲೇ ಹಲವು ವ್ಯವಸ್ಥೆಗಳಲ್ಲಿ ಕೆಲಸ ಹಂಚಿಕೆಯಾಗಿರುತ್ತದೆ. ಗೂಗಲ್ 2017ರಲ್ಲಿ ತನ್ನ ಮೊದಲ ಪಿಕ್ಸೆಲ್ ಬಡ್ಸ್ ಹೊರತಂದಾಗಲೇ ಕ್ರಮ ಹೀಗಿತ್ತು: ಧರಿಸಿದವರು ಬಡ್ ಒತ್ತಿ ಮಾತನಾಡಬೇಕು, ಅನುವಾದ ಫೋನಿನ ಸ್ಪೀಕರ್‌ನಿಂದ ಹೊರಬರುತ್ತದೆ, ಎದುರಿನವರು ಫೋನಿಗೆ ಉತ್ತರ ಹೇಳಬೇಕು, ಅದರ ಅನುವಾದ ಕಿವಿಯಲ್ಲಿ ಕೇಳಿಸುತ್ತದೆ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಬಡ್ಸ್ ಜೊತೆ ಇಂಟರ್‌ಪ್ರಿಟರ್ ಎಂಬ ಅನುವಾದದ ಸೌಲಭ್ಯ ಬಳಸುವಾಗಲೂ ಹೆಚ್ಚುಕಡಿಮೆ ಇದೇ ಪದ್ಧತಿ. ಅಂದರೆ ಎದುರಿನವರ ಪಾಲಿಗೆ ಮೈಕ್ ಎಂದರೆ ನಿಮ್ಮ ಕೈಯಲ್ಲಿರುವ ಫೋನೇ. ಫೋನನ್ನು ಜೇಬಿನಲ್ಲಿಟ್ಟು ಜಾಹೀರಾತಿನಲ್ಲಿ ತೋರಿಸುವಂತೆ ಕೈಬೀಸಿಕೊಂಡು ಮಾತನಾಡುವುದು ಗದ್ದಲದಲ್ಲಿ ನಡೆಯದ ಮಾತು.

ಶಬ್ದ ತಗ್ಗಿಸುವ ಸೌಲಭ್ಯ, ಅಂದರೆ ನಾಯ್ಸ್ ಕ್ಯಾನ್ಸಲಿಂಗ್ ಇರುವ ಬಡ್ ಕೊಂಡರೆ ಈ ತೊಂದರೆ ತೀರುತ್ತದೆ ಎಂದು ತಿಳಿದವರು ಬಹಳ ಮಂದಿ. ಆ ಸೌಲಭ್ಯ ನಿಮ್ಮ ಕಿವಿಯೊಳಗೆ ಬರುವ ಶಬ್ದವನ್ನು ತಗ್ಗಿಸುತ್ತದೆ. ಎಂಜಿನ್, ಮೋಟಾರ್, ಬಸ್ಸಿನ ಗುಂಯ್‌ಗುಡುವ ಒಂದೇ ಸಮನೆಯ ಶಬ್ದದ ಮೇಲೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಸುತ್ತಲಿನ ಜನರ ಮಾತಿನ ಮೇಲೆ ಅಷ್ಟಾಗಿ ಮಾಡುವುದಿಲ್ಲ. ಅನುವಾದವನ್ನು ನೀವು ಸ್ಪಷ್ಟವಾಗಿ ಕೇಳಿಸಿಕೊಳ್ಳಲು ಅದರಿಂದ ನಿಜಕ್ಕೂ ಸಹಾಯವಾಗುತ್ತದೆ. ಫೋನಿನ ಮೈಕ್ ಕೇಳಿಸಿಕೊಳ್ಳುವ ಗದ್ದಲ ಮಾತ್ರ ಅದರಿಂದ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ಬ್ಲೂಟೂತ್‌ನದೂ ಒಂದು ಮಿತಿ ಇದೆ. ಬರೀ ಹಾಡು ಕೇಳುವಾಗ ಬಳಕೆಯಾಗುವ ದಾರಿ ಬೇರೆ, ಮೈಕ್ ತೆರೆದಾಗ ಬಳಕೆಯಾಗುವ ಕರೆಯ ದಾರಿ ಬೇರೆ. ಹಳೆಯ ಅಥವಾ ಅಗ್ಗದ ಬಡ್‌ಗಳಲ್ಲಿ ಕರೆಯ ದಾರಿ ಸೆಕೆಂಡಿಗೆ ಧ್ವನಿಯ 8,000 ಅಳತೆಗಳನ್ನಷ್ಟೇ ಒಯ್ಯುತ್ತದೆ, ಸ್ವಲ್ಪ ಉತ್ತಮವಾದವುಗಳಲ್ಲಿ 16,000. ಆ ಸಂಖ್ಯೆಯ ಅರ್ಧದಷ್ಟು ಹರ್ಟ್ಸ್‌ವರೆಗಿನ ಧ್ವನಿ ಮಾತ್ರ ಹಾಗೆ ಸಾಗಬಲ್ಲದ್ದರಿಂದ, ಮೊದಲನೆಯದರಲ್ಲಿ 4,000 ಹರ್ಟ್ಸ್‌ಗಿಂತ ಮೇಲಿನ ಸ್ವರಾಂಶ ಸಾಗುವುದೇ ಇಲ್ಲ. ಸಕಾರದಂಥ ಸೀಳುದನಿಯ ಅಕ್ಷರಗಳ ಗುರುತು ಬಹಳಷ್ಟು ಇರುವುದು ಅಲ್ಲಿಯೇ. ಮನುಷ್ಯನ ಕಿವಿ ಸಂದರ್ಭದಿಂದ ಅದನ್ನು ತುಂಬಿಕೊಳ್ಳುತ್ತದೆ. ಗದ್ದಲವೂ ಸೇರಿಕೊಂಡಾಗ ಯಂತ್ರಕ್ಕೆ ಅದು ಕಷ್ಟ. ಇಯರ್‌ಬಡ್‌ನ ಮೈಕ್‌ಗಿಂತ ಫೋನಿನ ಸ್ವಂತ ಮೈಕ್ ಎಷ್ಟೋ ಸಲ ಮೇಲೆನಿಸುವುದಕ್ಕೆ ಇದೂ ಒಂದು ಕಾರಣ.

ಮುಂದಿರುವ ನಾಲ್ಕು ದಾರಿಗಳು

ಮೊದಲನೆಯದು ಫೋನ್ ಕಂಪನಿಯದೇ ಇಯರ್‌ಬಡ್. ಆಪಲ್ ತನ್ನ ಲೈವ್ ಟ್ರಾನ್ಸ್‌ಲೇಷನ್ ಸೌಲಭ್ಯವನ್ನು 2025ರ ಸೆಪ್ಟೆಂಬರ್‌ನಲ್ಲಿ ಏರ್‌ಪಾಡ್ಸ್ ಪ್ರೋ 3ರ ಜೊತೆ ಬಿಡುಗಡೆ ಮಾಡಿತು. ಏರ್‌ಪಾಡ್ಸ್ ಪ್ರೋ 2 ಮತ್ತು ಶಬ್ದ ತಗ್ಗಿಸುವ ಸೌಲಭ್ಯವಿರುವ ಏರ್‌ಪಾಡ್ಸ್ 4ರಲ್ಲೂ ಅದು ಸಿಗುತ್ತದೆ. ಆದರೆ ಜೊತೆಗೆ ಐಫೋನ್ 15 ಪ್ರೋ ಅಥವಾ ಅದಕ್ಕಿಂತ ಹೊಸದಾದ, ಆಪಲ್ ಇಂಟೆಲಿಜೆನ್ಸ್ ಎಂಬ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ ನಡೆಯುವ ಫೋನ್ ಇರಲೇಬೇಕು. ಭಾಷೆಯ ಕಡತವನ್ನು ಮೊದಲೇ ಇಳಿಸಿಕೊಂಡರೆ ಅನುವಾದ ಫೋನಿನೊಳಗೇ ನಡೆಯುತ್ತದೆ. ಎದುರಿನವರು ಮಾತನಾಡುವಾಗ ಅವರ ದನಿಯನ್ನು ಬಡ್ ತಾನಾಗಿ ತಗ್ಗಿಸಿ ಅನುವಾದವನ್ನು ಮುಂದೆ ತರುತ್ತದೆ. ಕೆಲಸದ ಅಂದಚೆಂದ ನೋಡಿದರೆ ಇದು ಬಹಳ ನಾಜೂಕಾದ ಏರ್ಪಾಡು. ಆದರೆ ಬಿಡುಗಡೆಯಾದಾಗ ಅದರ ಪಟ್ಟಿಯಲ್ಲಿದ್ದದ್ದು ಇಂಗ್ಲಿಷ್, ಫ್ರೆಂಚ್, ಜರ್ಮನ್, ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್. ಆಮೇಲೆ ಜಪಾನಿ, ಕೊರಿಯನ್, ಇಟಾಲಿಯನ್ ಮತ್ತು ಚೀನಿ ಭಾಷೆಗಳು ಸೇರಿದವು. ಈ ಎರಡೂ ಪಟ್ಟಿಗಳಲ್ಲಿ ಕನ್ನಡವೂ ಇಲ್ಲ, ಹಿಂದಿಯೂ ಇಲ್ಲ. ಇಂಗ್ಲಿಷ್ ಚೆನ್ನಾಗಿ ಬರುವ ಗೋಕುಲಂನ ಮನೆಯೊಡತಿಯೊಬ್ಬರು ಜಪಾನಿನಿಂದ ಬಂದ ಬಾಡಿಗೆದಾರರೊಡನೆ ಹಾಲ್‌ನಲ್ಲಿ ಕುಳಿತು ನೀರಿನ ಮೋಟಾರು, ಗ್ಯಾಸ್ ಸಿಲಿಂಡರಿನ ವಿಷಯ ಮಾತನಾಡಲು ಇದು ಬಹಳ ಒಳ್ಳೆಯ ಆಯ್ಕೆ. ಆಲೆಮನೆಗೆ ಇದರಿಂದ ಪ್ರಯೋಜನವಿಲ್ಲ.

ಸ್ಯಾಮ್‌ಸಂಗ್‌ನ ಕಥೆ ಸ್ವಲ್ಪ ಬೇರೆ. 2024ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್24 ಜೊತೆ ಬಂದ ಅನುವಾದದ ಸೌಲಭ್ಯಗಳಲ್ಲಿ ಹಿಂದಿ ಮೊದಲಿನಿಂದಲೂ ಇದೆ. ಎದುರಿನವರದು ಹಿಂದಿ, ನಿಮ್ಮದು ಇಂಗ್ಲಿಷ್ ಆದರೆ ನಡೆಯುತ್ತದೆ. ನಿಮಗೆ ಕನ್ನಡವೇ ಬೇಕೆಂದಾದರೆ, ಅಂಗಡಿಯವರ ಮಾತನ್ನು ನಂಬದೆ, ಅಂಗಡಿಯಲ್ಲಿರುವ ಫೋನಿನಲ್ಲೇ ಇಂಟರ್‌ಪ್ರಿಟರ್ ತೆರೆದು ಭಾಷೆಯ ಪಟ್ಟಿಯಲ್ಲಿ ಕನ್ನಡದ ಹೆಸರನ್ನು ಕಣ್ಣಾರೆ ಕಂಡ ಮೇಲೆಯೇ ಹಣ ಕೊಡಬೇಕು.

ಎರಡನೆಯ ದಾರಿ, ಈಗಾಗಲೇ ಇರುವ ಯಾವುದಾದರೂ ಇಯರ್‌ಬಡ್ ಮತ್ತು ಆಂಡ್ರಾಯ್ಡ್ ಫೋನಿನ ಗೂಗಲ್ ಟ್ರಾನ್ಸ್‌ಲೇಟ್. ಕನ್ನಡಿಗರ ಮಟ್ಟಿಗೆ ಇದು ಹಳೆಯ ಆಸರೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಸೇರಿದ್ದು 2011ರಲ್ಲಿ. ಕನ್ನಡದಲ್ಲಿ ಮಾತನಾಡಿ ಬರೆಸುವ ಅನುಕೂಲವನ್ನು ಗೂಗಲ್ 2017ರಲ್ಲಿ ಕೊಟ್ಟಿತು. 2025ರ ಡಿಸೆಂಬರ್‌ನಲ್ಲಿ, ಯಾವುದೇ ಹೆಡ್‌ಫೋನ್‌ನಲ್ಲಿ ಎದುರಿನವರ ಮಾತಿನ ಅನುವಾದವನ್ನು ಕೇಳುತ್ತಾ ಹೋಗುವ ಸೌಲಭ್ಯವನ್ನು 70ಕ್ಕೂ ಹೆಚ್ಚು ಭಾಷೆಗಳಿಗೆ, ಪ್ರಯೋಗದ ಹಂತದಲ್ಲಿ, ಭಾರತವೂ ಸೇರಿದಂತೆ ಮೂರು ದೇಶಗಳ ಆಂಡ್ರಾಯ್ಡ್ ಬಳಕೆದಾರರಿಗೆ ತೆರೆಯಿತು. ಆ್ಯಪ್‌ನಲ್ಲಿ Live translate ಎಂಬ ಗುಂಡಿ ಕಂಡರೆ ಅದನ್ನು ಒತ್ತಿ ಎರಡೂ ಭಾಷೆಗಳನ್ನು ಆರಿಸಿ ನೋಡಬಹುದು. ಹೊಸ ಇಯರ್‌ಬಡ್‌ಗೆಂದು ಖರ್ಚು ಮಾಡುವ ಮೊದಲು ಇದನ್ನು ಮಾಡಿ ನೋಡದವರು ಅನಗತ್ಯವಾಗಿ ಹಣ ಕಳೆದುಕೊಳ್ಳುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯದು ಅನುವಾದಕ್ಕೆಂದೇ ಮಾಡಿದ ಬಡ್‌ಗಳು. ಟೈಮ್‌ಕೆಟಲ್ ಎಂಬ ಕಂಪನಿಯವು ಇವುಗಳಲ್ಲಿ ಪ್ರಸಿದ್ಧ. ಇಬ್ಬರೂ ಒಂದೊಂದು ಬಡ್ ಹಾಕಿಕೊಳ್ಳುತ್ತಾರೆ, ಪ್ರತಿಯೊಬ್ಬರ ಮಾತನ್ನೂ ಅವರವರ ಕಿವಿಯ ಬಡ್ ಹಿಡಿಯುತ್ತದೆ. ಗದ್ದಲದ ದೃಷ್ಟಿಯಿಂದ ನೋಡಿದರೆ ಮೈಕ್ ಇರಬೇಕಾದ ಜಾಗ ಇದೇ, ಏಕೆಂದರೆ ಇಬ್ಬರ ಬಾಯಿಗೂ ಮೈಕ್ ಗೇಣಿಗಿಂತ ಹತ್ತಿರವಿರುತ್ತದೆ. ಇದನ್ನು ನೋಡಿ, ಸಾಮಾನ್ಯ ಇಯರ್‌ಬಡ್‌ನ ಒಂದನ್ನು ತಾವು ಇಟ್ಟುಕೊಂಡು ಇನ್ನೊಂದನ್ನು ಎದುರಿನವರಿಗೆ ಕೊಟ್ಟರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಸಾಮಾನ್ಯ ಬಡ್‌ಗಳ ಕರೆಯ ದಾರಿಯಲ್ಲಿ ಒಂದೇ ಮೈಕ್‌ನ ಧ್ವನಿ ಫೋನಿಗೆ ಹೋಗುತ್ತದೆ. ಯಾರು ಮಾತನಾಡಿದರು ಎಂದು ಬೇರ್ಪಡಿಸುವ ದಾರಿ ಆ್ಯಪ್‌ಗೆ ಇರುವುದಿಲ್ಲ. ಅನುವಾದದ ಬಡ್‌ಗಳಲ್ಲಿ ಈ ಬೇರ್ಪಡಿಕೆಗೆಂದೇ ಕಂಪನಿಯ ಸ್ವಂತ ಆ್ಯಪ್ ಇರುತ್ತದೆ. ಇವುಗಳ ತೊಡಕು ಎರಡು: ಮಾದರಿಯಿಂದ ಮಾದರಿಗೆ ಭಾಷೆಯ ಪಟ್ಟಿ ಬದಲಾಗುತ್ತದೆ, ಮತ್ತು ಇಡೀ ದಿನ ಬೆವರಿನಲ್ಲಿ ದುಡಿಯುವವರ ನಡುವೆ ಒಂದೇ ಬಡ್ ಕಿವಿಯಿಂದ ಕಿವಿಗೆ ಹೋಗುವುದು ಯಾರಿಗೂ ಒಪ್ಪಿಗೆಯಾಗುವುದಿಲ್ಲ. ಒಬ್ಬರೇ ಕೆಲಸಗಾರರು ಹಂಗಾಮಿನುದ್ದಕ್ಕೂ ಇರುವುದಾದರೆ, ಭಾಷೆಯೂ ಪಟ್ಟಿಯಲ್ಲಿದ್ದರೆ, ಆಗ ಯೋಚಿಸಬಹುದು.

ನಾಲ್ಕನೆಯದರಲ್ಲಿ ಇಯರ್‌ಬಡ್ ಇಲ್ಲವೇ ಇಲ್ಲ. ಫೋನನ್ನು ಕೈಯಲ್ಲಿ ಹಿಡಿದು, ಮಾತನಾಡುವವರ ಬಾಯಿಯ ಹತ್ತಿರಕ್ಕೆ ಒಯ್ದು, ಅನುವಾದವನ್ನು ಪರದೆಯ ಮೇಲೆ ಓದುವುದು ಅಥವಾ ಸ್ಪೀಕರ್‌ನಲ್ಲಿ ಕೇಳುವುದು. ನೋಡಲು ಇದರಲ್ಲಿ ಹೊಸತೇನೂ ಇಲ್ಲ. ಮೈಕ್ ಹೊಂದಿರುವ, ತಂತಿಯ ಹಳೆಯ ಇಯರ್‌ಫೋನ್ ಇದಕ್ಕೆ ಒಳ್ಳೆಯ ಜೊತೆಗಾರ: ಅದನ್ನು ಸಿಕ್ಕಿಸಿದಾಗ ಸಾಮಾನ್ಯವಾಗಿ ತಂತಿಯಲ್ಲಿರುವ ಮೈಕ್ ಕೆಲಸ ಶುರುಮಾಡುತ್ತದೆ, ಅದನ್ನು ಬೆರಳಲ್ಲಿ ಹಿಡಿದು ಎದುರಿನವರ ಬಾಯಿಯ ಬಳಿಗೆ ಒಯ್ಯಬಹುದು, ಬ್ಲೂಟೂತ್‌ನ ಮಿತಿಯೂ ಅಡ್ಡ ಬರುವುದಿಲ್ಲ.

ಒಂದು ಆಲೆಮನೆಯ ಲೆಕ್ಕ

ದೂರ ಎರಡರಷ್ಟಾದಾಗ ಶಬ್ದದ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ದೂರ ಅರ್ಧವಾದಾಗ ಅಷ್ಟೇ ಏರುತ್ತದೆ. ಬಯಲಿಗೆ ಹೊಂದುವ ಈ ನಿಯಮ ಶೀಟಿನ ಚಾವಣಿಯ ಕೆಳಗೆ ಪ್ರತಿಧ್ವನಿಯಿಂದಾಗಿ ಪೂರ್ತಿ ಹೊಂದುವುದಿಲ್ಲ, ಆದರೂ ಅಂದಾಜಿಗೆ ಸಾಕು.

ಗಾಣದ ಎಂಜಿನ್ ಒಂದು ಮೀಟರ್ ದೂರದಲ್ಲಿ 90 ಡೆಸಿಬೆಲ್ ಸದ್ದು ಮಾಡುತ್ತದೆ ಎಂದುಕೊಳ್ಳೋಣ. ಪಾಕ ಕುದಿಯುವ ಕೊಪ್ಪರಿಗೆ ಅದರಿಂದ ನಾಲ್ಕು ಮೀಟರ್ ದೂರದಲ್ಲಿದ್ದರೆ ಅಲ್ಲಿ ಸದ್ದು 78 ಡೆಸಿಬೆಲ್. ಕೊಪ್ಪರಿಗೆಯ ಬಳಿ ನಿಂತ ಕೆಲಸಗಾರ ಸ್ವಲ್ಪ ಏರುದನಿಯಲ್ಲಿ ಮಾತನಾಡಿದರೆ ಒಂದು ಮೀಟರ್ ದೂರದಲ್ಲಿ ಅವನ ಮಾತು ಸುಮಾರು 66 ಡೆಸಿಬೆಲ್. ನೀವು ಫೋನ್ ಹಿಡಿದು ಅವನಿಂದ ಒಂದು ಮೀಟರ್ ದೂರ ನಿಂತಿದ್ದೀರಿ ಎಂದರೆ ಗದ್ದಲ ಮಾತಿಗಿಂತ 12 ಡೆಸಿಬೆಲ್ ಮೇಲಿದೆ. ಈ ಸ್ಥಿತಿಯಲ್ಲಿ ಯಾವ ಕಂಪನಿಯ ಯಾವ ಬಡ್ ಆದರೂ ಪ್ರಯೋಜನವಿಲ್ಲ. ಪರದೆಯ ಮೇಲೆ ಒಂದೋ ಏನೂ ಮೂಡುವುದಿಲ್ಲ, ಇಲ್ಲವೇ ಅಲ್ಲೊಂದು ಇಲ್ಲೊಂದು ಪದ ಮೂಡುತ್ತದೆ.

ಈಗ ಅದೇ ಜಾಗದಲ್ಲಿ ಫೋನನ್ನು ಅವನ ಬಾಯಿಂದ 25 ಸೆಂಟಿಮೀಟರ್‌ಗೆ, ಅಂದರೆ ಒಂದು ಗೇಣಿನ ಆಸುಪಾಸಿಗೆ ಒಯ್ಯಿರಿ. ದೂರ ಎರಡು ಸಲ ಅರ್ಧವಾದದ್ದರಿಂದ ಮಾತು 78 ಡೆಸಿಬೆಲ್‌ಗೆ ಏರುತ್ತದೆ, ಗದ್ದಲಕ್ಕೆ ಸಮವಾಗುತ್ತದೆ. ಇಷ್ಟರಿಂದ ಕೆಲವು ಪದಗಳು ಸರಿಯಾಗಿ ಬಂದಾವು, ವಾಕ್ಯ ನಂಬುವಂತಿರುವುದಿಲ್ಲ. ಮುಂದೆ, ಇಬ್ಬರೂ ಎಂಜಿನ್‌ನಿಂದ ಹದಿನಾರು ಮೀಟರ್ ದೂರದ ಕಬ್ಬಿನ ರಾಶಿಯ ಬಳಿಗೆ ಹೋಗಿ ನಿಂತರೆ ಗದ್ದಲ 66ಕ್ಕೆ ಇಳಿಯುತ್ತದೆ. ಫೋನ್ ಗೇಣಿನ ದೂರದಲ್ಲೇ ಇದ್ದರೆ ಮಾತು ಈಗ ಗದ್ದಲಕ್ಕಿಂತ 12 ಡೆಸಿಬೆಲ್ ಮೇಲಿದೆ. ಇಲ್ಲಿ ಅನುವಾದ ಬಳಕೆಗೆ ಯೋಗ್ಯವಾಗುತ್ತದೆ. ಒಟ್ಟು 24 ಡೆಸಿಬೆಲ್‌ನಷ್ಟು ಸುಧಾರಣೆ ಒಂದು ರೂಪಾಯಿ ಖರ್ಚಿಲ್ಲದೆ ಬಂತು. ಅರ್ಧ ಬಂದದ್ದು ಕೈ ಚಾಚಿದ್ದರಿಂದ, ಅರ್ಧ ಬಂದದ್ದು ಹನ್ನೆರಡು ಮೀಟರ್ ನಡೆದದ್ದರಿಂದ. ಬೆಲೆಬಾಳುವ ಬಡ್‌ಗೂ ಅಗ್ಗದ ಬಡ್‌ಗೂ ಇರುವ ವ್ಯತ್ಯಾಸ ಎದುರಿನವರ ಮಾತಿನ ಮಟ್ಟಿಗೆ ಇದರ ಹತ್ತಿರಕ್ಕೂ ಬರಲಾರದು.

ಹಾಗಾದರೆ ಆಲೆಮನೆಯಲ್ಲಿ ಬಡ್‌ನಿಂದ ಲಾಭವೇ ಇಲ್ಲವೇ? ಇದೆ. ಫೋನಿನ ಸ್ಪೀಕರ್‌ನಿಂದ ಹೊರಬಂದ ಅನುವಾದ ಗದ್ದಲದಲ್ಲಿ ಕೇಳಿಸದೆ ಹೋಗಬಹುದು. ಕೇಳಿಸಿದರೂ ಅದನ್ನು ಮೈಕ್ ಮತ್ತೆ ಹೊಸ ಮಾತೆಂದು ತಿಳಿದು ಬರೆದುಕೊಳ್ಳಬಹುದು. ಅನುವಾದ ಕಿವಿಯೊಳಗೇ ಬಂದರೆ ಈ ಎರಡೂ ತೊಂದರೆ ಒಂದು ಕಡೆಯಿಂದ ತಪ್ಪುತ್ತವೆ. ಆದರೆ ಗಾಣದ ಸಮೀಪ ಎರಡೂ ಕಿವಿ ಮುಚ್ಚಿಕೊಂಡು ನಿಲ್ಲುವುದು ಅಪಾಯ. ಕಬ್ಬು ಕೊಡುವವರ ಕೈ ಸಿಕ್ಕಿಕೊಂಡಾಗ ಕೂಗಿದ್ದು ಕೇಳಿಸಬೇಕು. ಒಂದೇ ಕಿವಿಗೆ ಬಡ್ ಹಾಕಿಕೊಳ್ಳುವುದನ್ನು ನಾನು ಅನುಕೂಲದ ಸಲಹೆಯಾಗಿ ಹೇಳುತ್ತಿಲ್ಲ, ಕಟ್ಟುನಿಟ್ಟಾಗಿ ಹೇಳುತ್ತಿದ್ದೇನೆ.

ವಾಕ್ಯದ ಕೊನೆ ನುಂಗಿಹೋದಾಗ

ಆಲೆಮನೆಯ ಒಡೆಯರು "ಸುಣ್ಣ ಜಾಸ್ತಿ ಹಾಕಬೇಡ" ಎನ್ನುತ್ತಾರೆ. ಕಬ್ಬಿನ ಹಾಲು ತಿಳಿಯಾಗಲು ಹಾಕುವ ಸುಣ್ಣ ಹೆಚ್ಚಾದರೆ ಬೆಲ್ಲದ ಬಣ್ಣವೂ ರುಚಿಯೂ ಕೆಡುತ್ತವೆ. ಕನ್ನಡದಲ್ಲಿ ಮಾಡು ಎಂಬುದೂ ಮಾಡಬೇಡ ಎಂಬುದೂ ತೀರ್ಮಾನವಾಗುವುದು ಕ್ರಿಯಾಪದದ ತುದಿಯಲ್ಲಿ. "ಹಾಕಬೇಕು" ಮತ್ತು "ಹಾಕಬೇಡ" ಬೇರೆಯಾಗುವುದು ಕೊನೆಯ ಒಂದೇ ಅಕ್ಷರದಲ್ಲಿ, ಮತ್ತು ಮಾತನಾಡುವಾಗ ನಮ್ಮ ದನಿ ಇಳಿಯುವುದೂ ಅಲ್ಲಿಯೇ. ಮಾತಿನ ಉಳಿದ ಭಾಗ ಗದ್ದಲದ ಮೇಲೆ ಎದ್ದು ಕೇಳಿಸಿದರೂ ಆ ಅಕ್ಷರ ಮುಳುಗಿಹೋಗಬಹುದು. ಆಗ ಕೆಲಸಗಾರನ ಕಿವಿಗೆ ಶುದ್ಧ ಹಿಂದಿಯಲ್ಲಿ ಬೀಳುವುದು ಸುಣ್ಣ ಜಾಸ್ತಿ ಹಾಕಬೇಕು ಎಂಬ ಆಜ್ಞೆ.

ವಾಕ್ಯ ಮುಗಿಯಿತೆಂದು ಆ್ಯಪ್ ತೀರ್ಮಾನಿಸುವ ಬಗೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಸಾಮಾನ್ಯವಾಗಿ ಅದು ಮಾತಿನ ನಂತರದ ಮೌನಕ್ಕಾಗಿ ಕಾಯುತ್ತದೆ. ಗದ್ದಲದಲ್ಲಿ ಮೌನವೇ ಬರುವುದಿಲ್ಲವಾದ್ದರಿಂದ ಕೆಲವು ಸಲ ಅದು ಕಾಯುತ್ತಲೇ ಇರುತ್ತದೆ, ಪಕ್ಕದವರ ಮಾತನ್ನೂ ಸೇರಿಸಿಕೊಳ್ಳುತ್ತದೆ. ಇನ್ನು ಕೆಲವು ಸಲ ನೀವು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ ಕಡೆ ವಾಕ್ಯ ಮುಗಿಯಿತೆಂದು ಕತ್ತರಿಸಿ, ಕ್ರಿಯಾಪದವಿಲ್ಲದ ಅರ್ಧ ವಾಕ್ಯವನ್ನು ಅನುವಾದಕ್ಕೆ ಕೊಡುತ್ತದೆ. ಕನ್ನಡ, ಹಿಂದಿ ಎರಡರಲ್ಲೂ ಕ್ರಿಯಾಪದ ಕೊನೆಗೇ ಬರುವುದರಿಂದ ಆ್ಯಪ್ ವಾಕ್ಯದ ತುದಿಯವರೆಗೆ ಕಾಯಲೇಬೇಕು. ಅನುವಾದ ಕಿವಿಗೆ ಬರುವುದು ಕೆಲವು ಸೆಕೆಂಡು ತಡವಾಗುವುದಕ್ಕೆ ನೆಟ್‌ವರ್ಕ್ ಒಂದೇ ಕಾರಣವಲ್ಲ.

ಇದಕ್ಕೆ ಉಪಾಯ ಮಾತಿನ ಕಟ್ಟಿನಲ್ಲಿದೆ. "ಜಾಸ್ತಿ ಹಾಕಬೇಡ" ಎನ್ನುವ ಬದಲು "ಸುಣ್ಣ ಕಡಿಮೆ ಹಾಕು" ಎಂದರೆ ಅರ್ಥವನ್ನು ಹೊತ್ತ ಪದ ವಾಕ್ಯದ ನಡುವಿಗೆ ಬರುತ್ತದೆ. ತುದಿ ನುಂಗಿಹೋದರೂ ಅರ್ಥ ತಿರುಗುಮುರುಗಾಗುವುದಿಲ್ಲ. ಒಂದು ವಾಕ್ಯದಲ್ಲಿ ಒಂದೇ ಸಂಗತಿ ಹೇಳಿ, ಕೊನೆಯ ಪದವನ್ನು ಮೊದಲಿನ ಪದದಷ್ಟೇ ಗಟ್ಟಿಯಾಗಿ ಹೇಳಿ, ಗುಂಡಿಯಿರುವ ಆ್ಯಪ್ ಆದರೆ ಮಾತು ಮುಗಿದ ಒಂದು ಗಳಿಗೆಯ ನಂತರವೇ ಬೆರಳು ತೆಗೆಯಬೇಕು. ಮಂಡ್ಯದ ಕಡೆ ನಾವು ಸಹಜವಾಗಿ ಆಡುವ "ಬತ್ತದೆ", "ಓಯ್ತದೆ" ಎಂಬ ರೂಪಗಳಿಗಿಂತ "ಬರುತ್ತದೆ", "ಹೋಗುತ್ತದೆ" ಎಂಬ ರೂಪಗಳನ್ನು ಆ್ಯಪ್ ಹೆಚ್ಚು ಸರಿಯಾಗಿ ಹಿಡಿಯುತ್ತದೆ. ನಮ್ಮ ಊರಿನ ಮಾತನ್ನು ಯಂತ್ರಕ್ಕಾಗಿ ಬದಲಿಸಿಕೊಳ್ಳಬೇಕಾದದ್ದು ನನಗೆ ಬೇಸರದ ಸಂಗತಿಯೇ, ಆದರೆ ಗದ್ದಲದಲ್ಲಿ ಕೆಲಸ ಆಗಬೇಕಾದಾಗ ಅದರಿಂದ ಪ್ರಯೋಜನವಿದೆ. ಕೂಲಿಯ ಮೊತ್ತ, ಗಂಟೆ, ಬಕೆಟ್‌ಗಳ ಲೆಕ್ಕವನ್ನಂತೂ ಬಾಯಲ್ಲಿ ಹೇಳಿ ಬಿಡಬಾರದು. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಅಂಕಿ ಒತ್ತಿ ತೋರಿಸಬೇಕು.

ತಪ್ಪು ಎಲ್ಲಿದೆ ಎಂದು ತಿಳಿಯುವುದು

ಅನುವಾದ ಸರಿಯಿಲ್ಲ ಎನಿಸಿದಾಗ ಮೊದಲು ನೋಡಬೇಕಾದದ್ದು ಪರದೆಯ ಮೇಲಿನ ಮೂಲ ಭಾಷೆಯ ಬರಹವನ್ನು. ನೀವು ಹೇಳಿದ ಕನ್ನಡವೇ ತಪ್ಪಾಗಿ ಮೂಡಿದ್ದರೆ ಅದು ಕೇಳಿಸುವಿಕೆಯ ತೊಂದರೆ. ಮೈಕ್ ಹತ್ತಿರ ತರಬೇಕು, ಜಾಗ ಬದಲಿಸಬೇಕು. ಕನ್ನಡ ಸರಿಯಾಗಿ ಮೂಡಿದ್ದೂ ಹಿಂದಿ ತಪ್ಪಿದ್ದರೆ ಅದು ಅನುವಾದದ ತೊಂದರೆ. ಎಷ್ಟು ಗಟ್ಟಿಯಾಗಿ ಕೂಗಿದರೂ ಸರಿಹೋಗದು, ಪದ ಬದಲಿಸಬೇಕು. ಕೊಪ್ಪರಿಗೆ, ಹದ, ಅಚ್ಚು ಇಂಥ ಕಸುಬಿನ ಮಾತುಗಳು ಈ ಎರಡನೆಯ ಗುಂಪಿಗೆ ಸೇರುತ್ತವೆ, ಅವುಗಳನ್ನು ಕೈಯಿಂದ ತೋರಿಸಿ ಕಲಿಸುವುದೇ ವಾಸಿ. ಹಿಂದಿ ಓದಲು ಬಾರದವರು ಎದುರಿನವರಿಂದ ಮಾತನ್ನು ತಿರುಗಿ ಹೇಳಿಸಿ, ಅದು ಕನ್ನಡಕ್ಕೆ ಮರಳಿದಾಗ ತಾವು ಹೇಳಿದ್ದೇ ಬಂತೇ ಎಂದು ನೋಡಬಹುದು. ಔಷಧದ ಪ್ರಮಾಣ, ಸಾಲದ ಕರಾರು, ಪೊಲೀಸ್ ದೂರು ಇಂಥವನ್ನು ಈ ಪರೀಕ್ಷೆಯಾದ ಮೇಲೂ ಆ್ಯಪ್‌ಗೆ ಬಿಡದೆ ಎರಡೂ ಭಾಷೆ ಬಲ್ಲ ಒಬ್ಬರನ್ನು ಕರೆಸಬೇಕು.

ಯಾವ ಮೈಕ್ ಕೆಲಸ ಮಾಡುತ್ತಿದೆ ಎಂದು ತಿಳಿಯಲು ಸುಲಭದ ದಾರಿಯಿದೆ. ಬಡ್ ಹಾಕಿಕೊಂಡು, ಆ್ಯಪ್ ತೆರೆದು, ಫೋನನ್ನು ಪಕ್ಕದ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿ ಮೆಲ್ಲಗೆ ಎರಡು ವಾಕ್ಯ ಆಡಿ. ಬಂದು ನೋಡಿದಾಗ ಬರಹ ಸ್ಪಷ್ಟವಾಗಿ ಮೂಡಿದ್ದರೆ ಕೇಳಿಸಿಕೊಂಡದ್ದು ಬಡ್‌ನ ಮೈಕ್. ಏನೂ ಮೂಡದಿದ್ದರೆ ಫೋನಿನದು. ಎದುರಿನವರ ಸರದಿಯಲ್ಲೂ ಬಡ್‌ನ ಮೈಕೇ ತೆರೆದಿರುವುದು ಕಂಡುಬಂದರೆ, ಆ ಸರದಿಗೆ ಬ್ಲೂಟೂತ್ ಆಫ್ ಮಾಡಿಬಿಡುವುದು ಒಳ್ಳೆಯದು. ಹಾಗೆಯೇ ಏರೋಪ್ಲೇನ್ ಮೋಡ್ ಹಾಕಿ ಒಮ್ಮೆ ಮಾತನಾಡಿ ನೋಡಬೇಕು. ಆಗ ನಿಂತುಹೋದರೆ ನಿಮ್ಮ ಅನುವಾದ ಪೂರ್ತಿ ನೆಟ್‌ವರ್ಕ್ ನಂಬಿಕೊಂಡಿದೆ ಎಂದರ್ಥ, ಮತ್ತು ಸಿಗ್ನಲ್ ದುರ್ಬಲವಾಗಿರುವ ಗದ್ದೆಯ ನಡುವಿನ ಆಲೆಮನೆಯಲ್ಲಿ ಆಗುವ ತಡಕ್ಕೆ ಬಡ್ ಕಾರಣವಲ್ಲ ಎಂಬುದೂ ತಿಳಿಯುತ್ತದೆ.

ನನ್ನ ಆಯ್ಕೆ

ಕನ್ನಡ ಮತ್ತು ಹಿಂದಿಯ ನಡುವೆ, ಗದ್ದಲದ ಜಾಗದಲ್ಲಿ, ದಿನವೂ ಮಾತನಾಡಬೇಕಾದವರಿಗೆ ನಾನು ಹೊಸ ಬಡ್ ಸೂಚಿಸುವುದಿಲ್ಲ. ಆಂಡ್ರಾಯ್ಡ್ ಫೋನ್, ಅದರಲ್ಲಿ ಗೂಗಲ್ ಟ್ರಾನ್ಸ್‌ಲೇಟ್, ಮೈಕ್ ಇರುವ ತಂತಿಯ ಇಯರ್‌ಫೋನ್ ಇಷ್ಟು ಸಾಕು. ಬಡ್ ಈಗಾಗಲೇ ಇದ್ದರೆ ಅದನ್ನು ಒಂದು ಕಿವಿಗೆ ಹಾಕಿ ಅನುವಾದ ಕೇಳಲು ಮಾತ್ರ ಬಳಸಿ, ಎದುರಿನವರ ಮಾತು ಹಿಡಿಯುವ ಕೆಲಸವನ್ನು ಫೋನಿಗೆ ಬಿಡಬೇಕು. ಇಂಗ್ಲಿಷ್ ಬಲ್ಲವರು ಶಾಂತವಾದ ಮನೆಯಲ್ಲಿ ವಿದೇಶಿಯರೊಡನೆ ಮಾತನಾಡುವುದಾದರೆ, ಮತ್ತು ಹೊಂದುವ ಐಫೋನ್ ಮೊದಲೇ ಇದ್ದರೆ, ಏರ್‌ಪಾಡ್ಸ್‌ಗೆ ಹಣ ಹಾಕಬಹುದು; ಬರೀ ಅನುವಾದಕ್ಕಾಗಿ ಫೋನನ್ನೂ ಬದಲಿಸುವುದು ಬೇಡ. ದೇವರಾಜ ಮಾರುಕಟ್ಟೆಯಂಥ ಕಡೆ ಎಂಜಿನ್‌ಗಿಂತ ಜನರ ಮಾತೇ ಹೆಚ್ಚು. ಯಂತ್ರಕ್ಕೆ ಒಂದು ಮಾತಿನಿಂದ ಇನ್ನೊಂದು ಮಾತನ್ನು ಬೇರ್ಪಡಿಸುವುದು ಎಂಜಿನ್ ಸದ್ದಿನಿಂದ ಮಾತನ್ನು ಬೇರ್ಪಡಿಸುವುದಕ್ಕಿಂತ ಕಷ್ಟವಾದ್ದರಿಂದ ಅಲ್ಲಿ ಕಿವಿಯಲ್ಲಿ ಕೇಳುವುದಕ್ಕಿಂತ ಪರದೆಯಲ್ಲಿ ಓದುವುದು ಮೇಲು. ಅನುವಾದದ ಜೋಡಿ ಬಡ್ ಕೊಳ್ಳಲೇಬೇಕೆನ್ನುವವರು ವಾಪಸ್ ಕೊಡಲು ಅವಕಾಶವಿರುವ ಕಡೆ ಕೊಂಡು, ಆ ಅವಧಿಯೊಳಗೆ ಗಾಣ ನಡೆಯುತ್ತಿರುವಾಗ, ತಮ್ಮದೇ ಕೆಲಸಗಾರರೊಡನೆ, ಬೇಕು ಮತ್ತು ಬೇಡ ಎರಡೂ ಬರುವ ವಾಕ್ಯಗಳನ್ನು ಆಡಿ ಪರದೆಯ ಕನ್ನಡವನ್ನು ಓದಿ ನೋಡಬೇಕು.